ಲೆಕ್ಕದಲ್ಲಿ ಉಳಿತಾಯ, ಬ್ಯಾಂಕಿನಲ್ಲಿ ಕೊರತೆ

ಅಪಾರ್ಟ್‌ಮೆಂಟ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಖಜಾಂಚಿ "ಈ ವರ್ಷ ಇಷ್ಟು ಉಳಿತಾಯ" ಅಂತ ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು ಎದ್ದು "ಹಾಗಾದ್ರೆ ಮೆಂಟೆನೆನ್ಸ್ ಕಮ್ಮಿ ಮಾಡಿ" ಅನ್ನುತ್ತಾರೆ. ಮುಂದಿನ ತಿಂಗಳೇ ಅದೇ ಖಜಾಂಚಿ ಸೆಕ್ಯುರಿಟಿಯವರ ಸಂಬಳಕ್ಕೆ ದುಡ್ಡು ಸಾಲದೆ ಒದ್ದಾಡುತ್ತಿದ್ದರೆ, ತಿಂದುಹಾಕಿದರು ಅಂತ ಗುಸುಗುಸು ಶುರು. ಬಹಳ ಸಲ ಅಲ್ಲಿ ಯಾರೂ ತಿಂದಿರುವುದಿಲ್ಲ. ವರದಿಯಲ್ಲಿ ಒಂದು ಪುಟ ಬಿಟ್ಟುಹೋಗಿರುತ್ತದೆ, ಅಷ್ಟೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. 60 ಮನೆ, ತಿಂಗಳಿಗೆ ಮನೆಗೆ 3,000 ರೂಪಾಯಿ. ವರ್ಷಕ್ಕೆ ಬಿಲ್ ಹಾಕಿದ್ದು 21,60,000. ಖರ್ಚು 20,40,000. ಉಳಿತಾಯ 1,20,000. ಹಿಂದಿನ ವರ್ಷದಿಂದ ಕೊಡುವ, ಬರುವ ಬಾಕಿ ಏನೂ ಇರಲಿಲ್ಲ. ಮೆಂಟೆನೆನ್ಸ್ ಖಾತೆಯಲ್ಲಿ 3,40,000 ಇತ್ತು. ಹಾಗಿದ್ದರೆ ವರ್ಷದ ಕೊನೆಗೆ 4,60,000 ಇರಬೇಕಲ್ಲ? ಪಾಸ್‌ಬುಕ್ಕಿನಲ್ಲಿ ಇರುವುದು 2,36,000.

ಯಾಕೆ ಅಂದರೆ ಮೇಲಿನ ಲೆಕ್ಕ ಬಿಲ್ ಹಾಕಿದ್ದನ್ನು ಆದಾಯ ಅನ್ನುತ್ತದೆ, ಕೈಗೆ ಬಂದದ್ದನ್ನಲ್ಲ. ಎಂಟು ಮನೆಯವರು ವರ್ಷವಿಡೀ ಒಂದು ರೂಪಾಯಿಯನ್ನೂ ಕಟ್ಟಿಲ್ಲ. ಅದೇ 2,88,000. ಜೊತೆಗೆ, ತಿಂಗಳು ತಿಂಗಳು ಕೊಡುತ್ತಿದ್ದ ಲಿಫ್ಟ್ ನಿರ್ವಹಣೆಯ ಹಣವನ್ನು ಈ ಸಲ ಇಡೀ ವರ್ಷಕ್ಕೆ ಒಟ್ಟಿಗೆ, 1,20,000 ಕಟ್ಟಿದ್ದಾರೆ. ಕಟ್ಟಿದಾಗ ಲೆಕ್ಕದ ವರ್ಷಕ್ಕೆ ಉಳಿದಿದ್ದದ್ದು ಮೂರೇ ತಿಂಗಳು. ಹಾಗಾಗಿ ಈ ವರ್ಷದ ಖರ್ಚಿಗೆ ಸೇರುವುದು 30,000 ಮಾತ್ರ. ಉಳಿದ 90,000 ಬ್ಯಾಂಕಿನಿಂದ ಹೋಗಿದ್ದರೂ ಮುಂದಿನ ವರ್ಷದ ಖರ್ಚು.

ಇದಕ್ಕೆ ತಿರುಗುಮುರುಗಾದವೂ ಇವೆ. ಮೂರು ಮನೆಯವರು ಮುಂದಿನ ವರ್ಷದ ಮೆಂಟೆನೆನ್ಸ್ ಮುಂಗಡವಾಗಿ ಕಟ್ಟಿದ್ದಾರೆ, 1,08,000. ಕೊನೆ ತಿಂಗಳ ಕರೆಂಟ್ ಬಿಲ್ 46,000 ಖರ್ಚಿಗೆ ಬರೆದಾಗಿದೆ, ಆದರೆ ಇನ್ನೂ ಕಟ್ಟಿಲ್ಲ. ಈಗ 4,60,000ರಲ್ಲಿ 2,88,000 ಮತ್ತು 90,000 ಕಳೆಯಿರಿ, 1,08,000 ಮತ್ತು 46,000 ಕೂಡಿಸಿ. ಪಾಸ್‌ಬುಕ್ಕಿನ 2,36,000 ಪೈಸೆ ಬಿಡದೆ ಸಿಗುತ್ತದೆ.

ನನ್ನ ಪ್ರಕಾರ ಖಜಾಂಚಿ ವರದಿಯ ಜೀವ ಇರುವುದೇ ಈ ನಾಲ್ಕು ಸಾಲಿನಲ್ಲಿ. ಆಡಿಟ್ ಆದ ಹಾಳೆಗಳನ್ನು ಗ್ರೂಪಿಗೆ ಹಾಕಿ ಕೈತೊಳೆದುಕೊಂಡರೆ ಸದಸ್ಯರಿಗೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಆ 2,36,000ದಲ್ಲಿ ಮುಂಗಡ ಬಂದದ್ದೂ ಕರೆಂಟ್ ಬಿಲ್ಲೂ ಸೇರಿ 1,54,000 ಈ ವರ್ಷದ ಸ್ವಂತ ದುಡ್ಡಲ್ಲ. ಉಳಿಯುವುದು 82,000. ತಿಂಗಳ ಸರಾಸರಿ ಖರ್ಚು 1,70,000. ಅಂದರೆ "ಉಳಿತಾಯ"ದ ಸೊಸೈಟಿಯ ಕೈಯಲ್ಲಿ ಹದಿನೈದು ದಿನದ ಖರ್ಚಿಗೂ ದುಡ್ಡಿಲ್ಲ.

ಇಷ್ಟಾದರೂ ಯಾರಿಗೂ ಬಿಸಿ ತಟ್ಟದಿರಲು ಸಾಮಾನ್ಯವಾಗಿ ಕಾರಣ ಸಿಂಕಿಂಗ್ ಫಂಡ್. ಮನೆಗೆ ತಿಂಗಳಿಗೆ 500ರಂತೆ, ಕಟ್ಟುವ ಐವತ್ತೆರಡು ಮನೆಯಿಂದ ಬರುವ 3,12,000 ಕೂಡ ಇದೇ ಖಾತೆಗೆ ಬೀಳುತ್ತಿದ್ದರೆ ಪಾಸ್‌ಬುಕ್ಕಿನಲ್ಲಿ 5,48,000 ಕಾಣುತ್ತದೆ. ಎಲ್ಲರೂ ನಿರಾಳ. ಅದಕ್ಕಾಗಿ ಅರವತ್ತೂ ಮನೆಗೆ ಹಾಕಿದ ಬಿಲ್ 3,60,000ವನ್ನು ಆದಾಯಕ್ಕೂ ಸೇರಿಸಿಬಿಟ್ಟರೆ ಉಳಿತಾಯ 4,80,000 ಆಗಿ ಉಬ್ಬುತ್ತದೆ. ಆ ಹಣ ಮುಂದೊಂದು ದಿನ ಲಿಫ್ಟ್ ಬದಲಿಸುವಂಥ, ಕಟ್ಟಡದ ದೊಡ್ಡ ರಿಪೇರಿಯಂಥ ಕೆಲಸಕ್ಕೆ ಎತ್ತಿಟ್ಟದ್ದು; ತಿಂಗಳ ಸಂಬಳಕ್ಕಲ್ಲ. ತೀರಾ ಅನಿವಾರ್ಯವಾಗಿ ಅದಕ್ಕೆ ಕೈ ಹಾಕಬೇಕಾದರೆ ಸಭೆಯ ಒಪ್ಪಿಗೆ ಪಡೆದು, "ಮೆಂಟೆನೆನ್ಸ್ ಖಾತೆಯಿಂದ ಸಿಂಕಿಂಗ್ ಫಂಡಿಗೆ ಬರಬೇಕಾದ ಸಾಲ" ಅಂತ ಬರೆದಿಡಬೇಕು. ಬರೆಯದೆ ಬಿಟ್ಟರೆ ಎರಡು ವರ್ಷದಲ್ಲಿ ಆ ಸಾಲ ಯಾರಿಗೂ ನೆನಪಿರುವುದಿಲ್ಲ. ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ ಅರ್ಧ ತಲೆನೋವು ಕಮ್ಮಿ.

ಬಾಕಿಯ ಬಗ್ಗೆಯೂ ಸ್ವಲ್ಪ ನಿಷ್ಠುರವಾಗಿರಬೇಕು. ಆ ಎಂಟರಲ್ಲಿ ಎರಡು ಮನೆ ಬೀಗ ಹಾಕಿದ್ದು, ಮಾಲೀಕತ್ವದ ಜಗಳದಲ್ಲಿವೆ ಅಂತಿಟ್ಟುಕೊಳ್ಳಿ. ಅವುಗಳ 72,000 ಬರುವುದು ಅನುಮಾನ ಅಂತ ಈಗಲೇ ಬದಿಗಿಟ್ಟರೆ ಉಳಿತಾಯ 48,000ಕ್ಕೆ ಇಳಿಯುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಸತ್ಯಕ್ಕೆ ಹತ್ತಿರ. ವರದಿಯಲ್ಲಿ ಬಾಕಿಯ ಒಟ್ಟು ಮೊತ್ತ ಕೊಟ್ಟರೆ ಸಾಲದು. ಮೂರು ತಿಂಗಳೊಳಗಿನದು ಎಷ್ಟು, ಆರು ತಿಂಗಳು ದಾಟಿದ್ದು ಎಷ್ಟು, ವರ್ಷ ಮೀರಿದ್ದು ಎಷ್ಟು ಅಂತ ಒಡೆದು ತೋರಿಸಬೇಕು.

ಕೊನೆಗೆ ದರದ ಪ್ರಶ್ನೆ. ಈ ಸೊಸೈಟಿಯಲ್ಲಿ ಬಿಲ್ ಖರ್ಚಿಗಿಂತ ಜಾಸ್ತಿಯೇ ಇದೆ, ಹಾಗಾಗಿ ದರ ಏರಿಸುವುದು ತಪ್ಪು: ಕಟ್ಟದ ಎಂಟು ಮನೆಯ ಹೊರೆಯನ್ನು ಸರಿಯಾಗಿ ಕಟ್ಟುವ ಐವತ್ತೆರಡು ಮನೆ ಹೊತ್ತಂತೆ. ಇಲ್ಲಿ ಬೇಕಿರುವುದು ವಸೂಲಿ. ಎಲ್ಲರೂ ಕಟ್ಟಿದರೂ ಖರ್ಚಿಗೆ ಸಾಲದಿದ್ದರೆ ಮಾತ್ರ ಅದು ನಿಜವಾದ ಕೊರತೆ. ಉದಾಹರಣೆಗೆ ಖರ್ಚು 23,04,000ಕ್ಕೆ ಹೋದರೆ ಬಿಲ್ಲಿಗಿಂತ 1,44,000 ಹೆಚ್ಚು. ಆಗ ಮನೆಗೆ ತಿಂಗಳಿಗೆ 200 ಏರಿಸದೆ ಬೇರೆ ದಾರಿಯಿಲ್ಲ. ನಿಮ್ಮ ಸೊಸೈಟಿಯದು ಇವೆರಡರಲ್ಲಿ ಯಾವುದು ಅಂತ ಖಜಾಂಚಿಯನ್ನು ಕೇಳಿ, ದರದ ಮೇಲೆ ಕೈ ಎತ್ತುವ ಮೊದಲೇ.