ಸುಮಾ ಮೇಡಂ ಜಾಗಕ್ಕೆ ಕಿರಣ್

ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಯಾರಾದರೂ ಕೆಲಸ ಬಿಟ್ಟರೆ ಕೇಕ್ ಕತ್ತರಿಸುವುದಕ್ಕೆ ಸಿಗುವ ಸಮಯ ಗ್ರಾಹಕರಿಗೆ ಮೇಲ್ ಬರೆಯುವುದಕ್ಕೆ ಸಿಗುವುದಿಲ್ಲ. ಕೊನೆಯ ದಿನ ಸಂಜೆ ಹಳೆಯ ಮೇಲೊಂದನ್ನು ತೆಗೆದು, ಹೆಸರು ಬದಲಿಸಿ, ಎಲ್ಲರಿಗೂ ಕಳಿಸಿಬಿಡುತ್ತಾರೆ. ‘ಸುಮಾ ಅವರು ಸಂಸ್ಥೆಯಿಂದ ನಿರ್ಗಮಿಸಿದ್ದಾರೆ. ಅವರ ಸ್ಥಾನದಲ್ಲಿ ಕಿರಣ್ ಅವರನ್ನು ಸಂಪರ್ಕಿಸಿ. ಎಂದಿನ ಸಹಕಾರ ಕೋರುತ್ತೇವೆ.’ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಇದನ್ನು ಓದಿ, ಮೊಬೈಲ್ ಪಕ್ಕಕ್ಕಿಟ್ಟು, ಮಾರನೆಯ ದಿನ ಎಂದಿನಂತೆ ಖರೀದಿ ಬಿಲ್ಲುಗಳ ಫೋಟೋ ತೆಗೆದು ಸುಮಾ ಅವರ ವಾಟ್ಸಾಪಿಗೇ ಕಳಿಸುತ್ತಾರೆ.

ತಪ್ಪು ಯಜಮಾನರದಲ್ಲ. ಮೇಲಿನಲ್ಲಿ ಸುಮಾ ಹೋದ ಸುದ್ದಿ ಇತ್ತೇ ಹೊರತು, ಬಿಲ್ಲು ಇನ್ನು ಎಲ್ಲಿಗೆ ಹೋಗಬೇಕು ಎಂಬುದು ಇರಲಿಲ್ಲ. ಬಿಲ್ಲು ಕಳಿಸುತ್ತಿದ್ದ ನಂಬರು ಕಚೇರಿಯದ್ದಲ್ಲ, ಸುಮಾ ಅವರ ಸ್ವಂತದ್ದು. ಇಮೇಲನ್ನಾದರೆ ಕಿರಣ್‌ಗೆ ತಿರುಗಿಸಬಹುದು, ವಾಟ್ಸಾಪನ್ನು ಹಾಗೆ ತಿರುಗಿಸಲಾಗದು. ಆದ್ದರಿಂದ ಮೇಲ್‌ನ ಮೊದಲ ಸಾಲೇ ಹೀಗಿರಲಿ: ‘ಜುಲೈ 1ರಿಂದ ನಿಮ್ಮ ಬಿಲ್ಲುಗಳನ್ನು ಕಿರಣ್ ಅವರ ಈ ನಂಬರಿಗೆ ಕಳಿಸಿ.’ ಸುಮಾ ಹೋದ ಸಮಾಚಾರ ಎರಡನೆಯ ಸಾಲಿಗೆ ಸಾಕು. ಯಾಕೆ ಹೋದರು, ಎಲ್ಲಿಗೆ ಹೋದರು ಎಂಬುದು ಎಲ್ಲಿಯೂ ಬೇಡ. ಕಿರಣ್ ಓದಿದ ಕಾಲೇಜೂ ಬೇಡ.

ಮೇಲ್ ಹೋಗುವ ದಿನಕ್ಕೂ ಲೆಕ್ಕ ಇದೆ. ತಿಂಗಳ ಲೆಕ್ಕ ಕೊಡುವವರಿಗೆ 11ನೇ ತಾರೀಕು ಮಾರಾಟದ ವಿವರದ ಜಿಎಸ್‌ಟಿಆರ್-1, 20ನೇ ತಾರೀಕು ತೆರಿಗೆ ಕಟ್ಟುವ 3ಬಿ. ಈ ಎರಡರ ನಡುವೆ ಮೇಲ್ ಹೋದರೆ ಅರ್ಧ ಕೆಲಸ ಹಳಬರ ತಲೆಯಲ್ಲಿ, ಅರ್ಧ ಹೊಸಬರ ಮೇಜಿನ ಮೇಲೆ. ಒಳ್ಳೆಯ ಹೊತ್ತೆಂದರೆ 21ರಿಂದ ತಿಂಗಳ ಕೊನೆಯವರೆಗೆ. ಹಿಂದಿನ ತಿಂಗಳದ್ದು ಮುಗಿದಿರುತ್ತದೆ, ಈ ತಿಂಗಳ ಬಿಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಸುಮಾ ಇನ್ನೂ ಅದೇ ಕುರ್ಚಿಯಲ್ಲಿರುತ್ತಾರೆ.

ಅವರು ಇರುವಾಗಲೇ ನೋಡಿಬಿಡಬೇಕಾದ ಒಂದು ಸಂಗತಿ ಉಂಟು. ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಂದಣಿ ಮಾಡಿಸುವಾಗ ‘ಒಟಿಪಿ ಬಂದಾಗೆಲ್ಲ ಅವರನ್ನು ಕಾಡುವುದೇಕೆ’ ಎಂದು ಕಚೇರಿಯವರು ತಮ್ಮದೇ ಮೊಬೈಲ್ ನಂಬರು ಕೊಟ್ಟಿರುತ್ತಾರೆ. ಆಗ ಅದು ಉಪಕಾರ. ಸುಮಾ ಹೋದ ಮೇಲೆ 20ನೇ ತಾರೀಕು ರಾತ್ರಿ 3ಬಿ ಸಲ್ಲಿಸಲು ಕೂತಾಗ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಅವರು ಆಗ ಹೊಸ ಆಫೀಸಿನ ಪಾರ್ಟಿಯಲ್ಲಿರಬಹುದು. ಸರಿಪಡಿಸುವುದು ಕಷ್ಟವಲ್ಲ: ಪೋರ್ಟಲಿಗೆ ಲಾಗಿನ್ ಆಗಿ, ನೋಂದಣಿಯ ನಾನ್-ಕೋರ್ ತಿದ್ದುಪಡಿಯಲ್ಲಿ ಅಧಿಕೃತ ಸಹಿದಾರರ ಪುಟ ತೆರೆದು, ವ್ಯಾಪಾರಿಯದೇ ಮೊಬೈಲ್ ಮತ್ತು ಇಮೇಲ್ ಹಾಕಬೇಕು. ಎರಡಕ್ಕೂ ಒಟಿಪಿ ಬರುತ್ತದೆ, ಹಾಗಾಗಿ ಯಜಮಾನರು ಫೋನ್ ಹಿಡಿದು ಲೈನಿನಲ್ಲಿರಬೇಕು. ಕಿರಣ್ ನಂಬರು ಹಾಕುವ ಆಸೆ ಬೇಡ, ಕಿರಣ್ ಕೂಡ ಒಂದು ದಿನ ಹೋಗುವವರೇ. ಪಾಸ್‌ವರ್ಡೂ ಗೊತ್ತಿಲ್ಲ, ನಂಬರೂ ಕೈಯಲ್ಲಿಲ್ಲ ಎಂದಾದರೆ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ ಬದಲಿಸಿಕೊಳ್ಳುವ ದಾರಿಯೇ ಉಳಿಯುವುದು. ಆದ್ದರಿಂದ ಮೇಲಿನಲ್ಲಿ ಇನ್ನೊಂದು ಸಾಲು: ‘ಈ ವಾರ ನಿಮ್ಮ ಮೊಬೈಲಿಗೊಂದು, ಇಮೇಲಿಗೊಂದು ಒಟಿಪಿ ಬರುತ್ತದೆ. ಕಿರಣ್ ಮೊದಲೇ ಫೋನ್ ಮಾಡಿ ಹೇಳುತ್ತಾರೆ.’ ಹೀಗೆ ಹೇಳದಿದ್ದರೆ ಯಜಮಾನರು ಒಟಿಪಿ ಕೊಡುವುದಿಲ್ಲ. ಕೊಡಲೂಬಾರದು.

ಅದೇ ಕಾರಣಕ್ಕೆ ಮೇಲ್ ಕಿರಣ್ ವಿಳಾಸದಿಂದ ಹೋಗಬಾರದು. ಸುಮಾ ಅವರ ವಿಳಾಸದಿಂದ ಇಲ್ಲವೇ ಕಚೇರಿಯ ಮುಖ್ಯಸ್ಥರಿಂದ ಹೋಗಲಿ, ಕಿರಣ್ ಪ್ರತಿಯಲ್ಲಿರಲಿ. ಗುರುತಿಲ್ಲದವನೊಬ್ಬ ‘ಇನ್ನು ಮುಂದೆ ನಾನೇ’ ಎಂದು ಬರೆಯುವುದು ಮೋಸಗಾರರ ಹಳೆಯ ವರಸೆ. ಅಂಥವರ ಮುಂದಿನ ಸಾಲು ಬ್ಯಾಂಕ್ ಖಾತೆ ಬದಲಾಗಿದೆ ಎಂಬುದು. ಹಾಗಾಗಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ’ ಎಂದು ಬರೆದುಬಿಡುವುದು ಕ್ಷೇಮ. ನಿಜಕ್ಕೂ ಬದಲಾಗಿದ್ದರೆ ಅದನ್ನು ಬೇರೆ ದಿನ, ಫೋನಿನಲ್ಲಿ ಹೇಳಿ.

ಎಲ್ಲ ಗ್ರಾಹಕರ ವಿಳಾಸವನ್ನೂ ಒಂದೇ ಮೇಲಿನಲ್ಲಿ ಕಾಣುವಂತೆ ಹಾಕುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರುಬದುರು ಅಂಗಡಿಯವರಿಬ್ಬರಿಗೂ ನಮ್ಮ ಲೆಕ್ಕ ಒಬ್ಬರ ಕೈಯಲ್ಲೇ ಇದೆ ಎಂದು ಅವತ್ತೇ ತಿಳಿಯುತ್ತದೆ.

ಇಷ್ಟಾದರೂ ಕಿರಣ್ ಮೇಲೆ ನಂಬಿಕೆ ಹುಟ್ಟುವುದು ಅವರ ಸ್ವಂತ ಮೊದಲ ಮೇಲಿನಿಂದ. ‘ನಿಮ್ಮೊಂದಿಗೆ ಕೆಲಸ ಮಾಡಲು ಉತ್ಸುಕನಾಗಿದ್ದೇನೆ’ ಎಂದರೆ ಯಾರೂ ಕರಗುವುದಿಲ್ಲ. ‘ಮೇ ತಿಂಗಳ 3ಬಿ ಆಗಿದೆ. ಪೇಂಟ್ ಖರೀದಿಯ ಎರಡು ಬಿಲ್ಲು 2ಬಿಯಲ್ಲಿ ಬಂದಿಲ್ಲ, ಸಪ್ಲೈಯರ್ ಇನ್ನೂ ಅಪ್‌ಲೋಡ್ ಮಾಡಿಲ್ಲ, ಒಮ್ಮೆ ಕೇಳ್ತೀರಾ?’ ಎಂದು ಬರೆದರೆ ಯಜಮಾನರಿಗೆ ಹುಡುಗ ಫೈಲ್ ಓದಿದ್ದಾನೆ ಎಂದು ಗೊತ್ತಾಗುತ್ತದೆ. ಇದನ್ನು ಬರೆಯಬೇಕಾದರೆ ಸುಮಾ ಹೋಗುವ ಮೊದಲು ಗ್ರಾಹಕರಿಗೊಂದರಂತೆ ಬಾಕಿ ಪಟ್ಟಿ ಬರೆದಿಟ್ಟಿರಬೇಕು.

ಉತ್ತರ ಬರದವರಿಗೆ 5ನೇ ತಾರೀಕಿನೊಳಗೆ ಫೋನ್ ಮಾಡಲೇಬೇಕು. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಸುಮಾ ಮೇಡಂ ಯಾಕೆ ಬಿಟ್ರು?’ ಎಂದೇ. ‘ಬೇರೆ ಕಡೆ ಸೇರಿಕೊಂಡ್ರು ಸಾರ್. ಜೂನ್ ಬಿಲ್ಲು ಇವತ್ತು ಕಳಿಸ್ತೀರಾ?’