ಹದಿನಾರು ಮ್ಯಾಟ್, ಒಂಬತ್ತು ಜನ, ಹೌಸ್‌ಫುಲ್

ಹಳ್ಳಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿಯುತ್ತಿದ್ದ ಜನ ನಾವು. ಆದರೆ ಅಲ್ಲಿ ಟವೆಲ್ ಹಾಕಿದವನು ಬಸ್ ಹೊರಡುವವರೆಗೂ ಹತ್ತದೇ ಹೋದರೆ ಕಂಡಕ್ಟರ್ ಆ ಟವೆಲ್ಲನ್ನು ಪಕ್ಕಕ್ಕೆ ಸರಿಸಿ, "ಕೂತ್ಕೊಳ್ಳಮ್ಮ" ಅಂತ ನಿಂತವರಿಗೆ ಸೀಟ್ ಕೊಡುತ್ತಿದ್ದ. ಬೆಂಗಳೂರಿನ ನಮ್ಮ ಏರಿಯಾದ ಫಿಟ್‌ನೆಸ್ ಸ್ಟುಡಿಯೋದಲ್ಲಿ ಆ ಕಂಡಕ್ಟರ್ ಇಲ್ಲ, ಆ್ಯಪ್ ಇದೆ. ಅದಕ್ಕೆ ಟವೆಲ್ ಮಾತ್ರ ಕಾಣುತ್ತದೆ, ಸೀಟ್ ಕಾಣುವುದಿಲ್ಲ.

ತಿಂಗಳಿಗೆ ಆರು ಸಾವಿರ ಕಟ್ಟಿದರೆ 12 ಕ್ರೆಡಿಟ್. ಒಂದು ಕ್ಲಾಸಿಗೆ ಒಂದು ಕ್ರೆಡಿಟ್, ಅಂದರೆ ಐನೂರು ರೂಪಾಯಿ. ತಿಂಗಳು ಮುಗಿದರೆ ಉಳಿದ ಕ್ರೆಡಿಟ್ ಮಾಯ. ಬೆಳಗ್ಗೆ ಆರೂವರೆ ಕ್ಲಾಸಿಗೆ 16 ಮ್ಯಾಟ್. ಮೂರು ದಿನ ಮೊದಲು ರಾತ್ರಿ ಹತ್ತಕ್ಕೆ ಬುಕಿಂಗ್ ತೆರೆಯುತ್ತದೆ, ತತ್ಕಾಲ್ ಟಿಕೆಟ್ಟಿನ ಹಾಗೆ ಎರಡು ನಿಮಿಷದಲ್ಲಿ ಖಾಲಿ. ಬರುತ್ತೀವೋ ಇಲ್ಲವೋ, ಎಲ್ಲರೂ ಮೊದಲು ಬುಕ್ ಮಾಡಿಟ್ಟುಕೊಳ್ಳುತ್ತಾರೆ. ಹಿಂದಿನ ಸಂಜೆ ಆರೂವರೆಯೊಳಗೆ ಕ್ಯಾನ್ಸಲ್ ಮಾಡಿದರೆ ಕ್ರೆಡಿಟ್ ವಾಪಸ್. ಆಮೇಲೆ ಮಾಡಿದರೆ ಅದು ಲೇಟ್ ಕ್ಯಾನ್ಸಲ್, ಕ್ರೆಡಿಟ್ ಹೋಯಿತು. ಹೇಳದೇ ಕೇಳದೇ ಬರದೇ ಇದ್ದರೂ ಅದೇ ಒಂದು ಕ್ರೆಡಿಟ್ ಹೋಗುತ್ತದೆ.

ಮಜಾ ಇರುವುದೇ ಇಲ್ಲಿ. ರಾತ್ರಿ ಹನ್ನೊಂದಕ್ಕೆ ಜ್ವರ ಬಂತು ಅಂದುಕೊಳ್ಳಿ. ಕ್ಯಾನ್ಸಲ್ ಒತ್ತಿದರೂ ಐನೂರು ಹೋಯಿತು, ಒತ್ತದೇ ಮುಸುಕು ಹೊದ್ದು ಮಲಗಿದರೂ ಐನೂರೇ ಹೋಯಿತು. ಯಾರು ಒತ್ತುತ್ತಾರೆ? ನಾನಂತೂ ಒತ್ತಿಲ್ಲ. ಹಾಗಾಗಿ ಆ್ಯಪ್ ಪ್ರಕಾರ ಕ್ಲಾಸ್ ಫುಲ್, ವೇಯ್ಟಿಂಗ್ ಲಿಸ್ಟಿನಲ್ಲಿ ಏಳು ಜನ, ಅವರೆಲ್ಲ ಮನೆಯಲ್ಲಿ ಹಾಸಿಗೆ ಮೇಲೆ ಕೂತು ಫೋನ್ ನೋಡುತ್ತಿರುತ್ತಾರೆ.

ಆ ಲಿಸ್ಟಿನಲ್ಲಿ ಐದನೆಯವನಾಗಿ ನಾನೂ ಒಮ್ಮೆ ಇದ್ದೆ. ಐದನೇ ನಂಬರ್ ಎಲ್ಲಿ ಬರುತ್ತೆ ಅಂತ ಸುಮ್ನಿದ್ದೆ. ಅಷ್ಟರಲ್ಲಿ ಬೆಳಗ್ಗೆ ರೈಲಿಗೆ ಅತ್ತೆ ಬರುತ್ತಾರೆ, ಮೆಜೆಸ್ಟಿಕ್‌ಗೆ ಹೋಗಿ ಕರೆದುಕೊಂಡು ಬರಬೇಕು ಅಂತ ಮನೆಯಿಂದ ಆರ್ಡರ್ ಬಂತು. ಅವತ್ತು ಸಂಜೆ 6:24ಕ್ಕೆ ನನಗೆ ಸೀಟ್ ಕನ್ಫರ್ಮ್ ಆಗಿದೆ. ಗಡುವಿಗೆ ಆರು ನಿಮಿಷ ಇದೆ ಅಂದಾಗ ಕ್ರೆಡಿಟ್ ಉಳಿಸಿಕೊಳ್ಳೋಣ ಅಂತ ನಾಲ್ಕೈದು ಜನ ಒಟ್ಟಿಗೆ ಬಿಟ್ಟು ಓಡುತ್ತಾರಲ್ಲ, ಹಾಗೆ ಬಂದ ಸೀಟದು. ನಾನು ಆಗ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ಕೂಟರ್ ಮೇಲೆ. ಮೆಸೇಜ್ ನೋಡಿದ್ದು 7:10ಕ್ಕೆ. ಬೇಡದ ಸೀಟ್ ಬಂತು, ಇದ್ದ ಕ್ರೆಡಿಟ್ ಹೋಯಿತು. ಅತ್ತೆಯವರ ರೈಲು ಲೇಟು. ಅದಕ್ಕೆ ಯಾರೂ ಕ್ರೆಡಿಟ್ ಕತ್ತರಿಸಲಿಲ್ಲ.

ಮರುವಾರ ಪಕ್ಕದ ಮನೆಯವರು "ನಾನೂ ಒಂದಿನ ಬಂದು ನೋಡ್ತೀನಿ" ಅಂದರು. ಡ್ರಾಪ್-ಇನ್ ಅಂತ ಒಂದಿದೆಯಲ್ಲ, ಮೆಂಬರ್ ಆಗದವರು ಏಳುನೂರು ಕೊಟ್ಟು ಒಂದೇ ಕ್ಲಾಸಿಗೆ ಬರುವುದು. 6:20ಕ್ಕೆ ಇಬ್ಬರೂ ಹೋದೆವು. ಗಾಜಿನ ಆಚೆ ನೋಡಿದರೆ ಹದಿನಾರರಲ್ಲಿ ಹತ್ತು ಮ್ಯಾಟ್ ಖಾಲಿ.

"ಕ್ಲಾಸ್ ಫುಲ್ ಸರ್," ಅಂದಳು ಡೆಸ್ಕಿನ ಹುಡುಗಿ.

"ಖಾಲಿ ಕಾಣ್ತಿದೆಯಲ್ಲಮ್ಮ?"

"ಮ್ಯಾಟ್ ಖಾಲಿ ಸರ್, ಸಿಸ್ಟಮಲ್ಲಿ ಫುಲ್. ಬರದವರ ಸ್ಲಾಟ್ 6:35ಕ್ಕೆ ರಿಲೀಸ್ ಆಗುತ್ತೆ."

"ಸರಿ, ಐದು ನಿಮಿಷ ಲೇಟಾಗಿಯೇ ಹೋಗ್ತೀನಿ ಬಿಡಿ," ಅಂದರು ಇವರು.

"6:35ಕ್ಕೆ ಬಾಗಿಲು ಹಾಕ್ತೀವಿ ಸರ್. ವಾರ್ಮಪ್ ಮಿಸ್ ಆದವರನ್ನ ಒಳಗೆ ಬಿಡಲ್ಲ, ಸ್ನಾಯು ಹಿಡ್ಕೊಳ್ಳುತ್ತೆ."

ನೋಡಿ, ಸ್ಲಾಟ್ ತೆರೆಯುವ ನಿಮಿಷಕ್ಕೇ ಬಾಗಿಲು ಮುಚ್ಚುತ್ತದೆ. ರೈಲಿನಲ್ಲೇ ಚಾರ್ಟ್ ಆದ ಮೇಲೆ ಬರದವರ ಬರ್ತನ್ನು ಟಿಟಿಇ ಆರ್‌ಎಸಿಯವರಿಗೆ ಕೊಡುತ್ತಾರೆ, ನೀವು ಯಾಕೆ ಕೊಡಬಾರದು ಅಂತ ಕೇಳಿದೆ. ಲೇಟಾಗಿ ಕ್ಯಾನ್ಸಲ್ ಮಾಡಿದವನ ಜಾಗಕ್ಕೆ ಲಿಸ್ಟಿನಿಂದ ಬೇರೆಯವರು ಬಂದರೆ ಅವನ ಕ್ರೆಡಿಟ್ ವಾಪಸ್ ಕೊಡಿ, ಆಗ ಎಲ್ಲರೂ ರಾತ್ರಿ ಹನ್ನೊಂದಕ್ಕಾದರೂ ಕ್ಯಾನ್ಸಲ್ ಒತ್ತುತ್ತಾರೆ, ಬೆಳಗ್ಗೆ ಮ್ಯಾಟ್ ತುಂಬುತ್ತೆ ಅಂತಾನೂ ಹೇಳಿದೆ. ಹುಡುಗಿ ಪಾಪ, "ಮ್ಯಾನೇಜ್‌ಮೆಂಟ್‌ಗೆ ತಿಳಿಸ್ತೀನಿ" ಅಂದಳು. ಮ್ಯಾನೇಜ್‌ಮೆಂಟ್‌ಗೆ ಏನು ತಲೆನೋವು? ಬರದ ಏಳು ಜನರ ಮೂರೂವರೆ ಸಾವಿರ ಆಗಲೇ ಒಳಗಿದೆ, ಆ ಮ್ಯಾಟ್ ಒರೆಸುವ ಕೆಲಸವೂ ಇಲ್ಲ. ಬೆವರದ ಗಿರಾಕಿಯಷ್ಟು ಒಳ್ಳೆ ಗಿರಾಕಿ ಇನ್ಯಾರು?

ಪಕ್ಕದ ಮನೆಯವರು ಎದುರಿನ ದರ್ಶಿನಿಗೆ ಹೋಗಿ ಖಾರಾಬಾತ್ ತಿಂದರು. ಅಲ್ಲಿ ಡ್ರಾಪ್-ಇನ್ ಇದೆ. ನನ್ನದು ಬುಕ್ ಆಗಿತ್ತು, ಒಳಗೆ ಹೋದೆ. ಕೊನೆಗೆ ಸೇರಿದ್ದು ಒಂಬತ್ತು ಜನ. ನನ್ನ ಸಾಲಿನಲ್ಲಿ ಎಡಕ್ಕೆ ಎರಡು ಮ್ಯಾಟ್ ಖಾಲಿ, ಬಲಕ್ಕೆ ಒಂದು. ಟ್ರೈನರ್ ಮೈಕಿನಲ್ಲಿ ಹೇಳುತ್ತಿದ್ದರು, "ಕ್ಲಾಸ್ ಫುಲ್ ಇದೆ, ಕೈ ಚಾಚುವಾಗ ಪಕ್ಕದವರಿಗೆ ತಾಗದ ಹಾಗೆ ನೋಡ್ಕೊಳ್ಳಿ."