ಹಿಟ್ಟಿಲ್ಲದೆ ನಾದುವ ಬೆಕ್ಕು

ಮೆತ್ತನೆ ಜಾಗ ಸಿಕ್ಕರೆ ಬೆಕ್ಕು ಮುಂಗಾಲುಗಳಿಂದ ಹಿಟ್ಟು ನಾದುವ ಹಾಗೆ ಒತ್ತುವುದೇಕೆ? ಮಂಡ್ಯ ಕಡೆ ಕೊಟ್ಟಿಗೆಯಲ್ಲಿ ಹಾಲು ಕರೆಯುವವರಿಗೆ ಈ ವಿಷಯ ಅರ್ಧ ಗೊತ್ತೇ ಇರುತ್ತದೆ. ಕೆಚ್ಚಲಿಗೆ ಬಿಟ್ಟ ಕರು ಸುಮ್ಮನೆ ಚೀಪುತ್ತಾ ನಿಲ್ಲುವುದಿಲ್ಲ, ನಡುನಡುವೆ ತಲೆಯಿಂದ ಗುಮ್ಮುತ್ತದೆ. ಆ ಗುಮ್ಮಿಗೇ ಹಸು ಸೊರ ಬಿಡುವುದು. ಬೆಕ್ಕಿನ ಮರಿಗೆ ಗುಮ್ಮುವಷ್ಟು ತಲೆಯೆಲ್ಲಿ? ಅದು ಮುಂಗಾಲುಗಳನ್ನು ಮೊಲೆಯ ಅಕ್ಕಪಕ್ಕ ಊರಿ, ಒಂದಾದ ಮೇಲೊಂದರಂತೆ ಒತ್ತುತ್ತದೆ. ಒತ್ತುವುದು ಮತ್ತು ಚೀಪುವುದು ಎರಡೂ ಸೇರಿ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಹಾಲು ಇಳಿಯುತ್ತದೆ.

ಮರಿ ಹುಟ್ಟಿದಾಗ ಕಣ್ಣು ಬಿಟ್ಟಿರುವುದಿಲ್ಲ, ಕಿವಿಯೂ ಕೇಳಿಸದು. ಅದರ ಪಾಲಿಗೆ ಆಗ ಲೋಕವೆಂದರೆ ಬಿಸುಪು, ಮೆತ್ತನೆ, ವಾಸನೆ. ಈ ಮೂರರ ಜೊತೆಗೆ ಹೊಟ್ಟೆ ತುಂಬುವ ಸುಖವೂ ಕಾಲೊತ್ತುವ ಚಾಳಿಯೂ ಬೆಸೆದುಕೊಳ್ಳುತ್ತವೆ. ಏಳೆಂಟು ವಾರಕ್ಕೆ ಹಾಲು ಬಿಡುತ್ತದೆ, ಚಾಳಿ ಬಿಡುವುದಿಲ್ಲ. ಮೈಸೂರಿನ ಮಾಗಿ ಚಳಿಯಲ್ಲಿ ಅಜ್ಜಿ ಕಂಬಳಿ ಹೊದ್ದು ಕೂತರೆ ಸಾಕು, ಐದು ವರ್ಷದ ಗಡವ ಬೆಕ್ಕೂ ತೊಡೆ ಏರಿ, ಕಣ್ಣು ಅರೆಮುಚ್ಚಿ, ಚಪಾತಿ ಹಿಟ್ಟು ನಾದುವವರ ಹಾಗೆ ಶುರು ಮಾಡುತ್ತದೆ. ಕೆಲವು ಜೊಲ್ಲನ್ನೂ ಸುರಿಸುತ್ತವೆ. ಬಾರದ ಹಾಲಿಗೆ ಬಾಯಿ ಸಿದ್ಧವಾಗಿದೆ, ಅಷ್ಟೆ. ತಾಯಿಯಿಂದ ಬೇಗ ಅಗಲಿದ ಬೆಕ್ಕು ಮಾತ್ರ ಹೀಗೆ ಮಾಡುತ್ತದೆ ಎನ್ನುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ, ತಾಯಿ ಮಗ್ಗುಲಲ್ಲೇ ಬೆಳೆದವೂ ಧಾರಾಳವಾಗಿ ನಾದುತ್ತವೆ.

ಅಜ್ಜಿ "ಥೂ, ಪರಚ್ತದೆ ಮುಂಡೇದು" ಅನ್ನುವುದೂ ಸುಳ್ಳಲ್ಲ. ಆದರೆ ಬೆಕ್ಕು ಸಿಟ್ಟಿನಿಂದ ಪರಚುವುದಲ್ಲ. ಬೆಕ್ಕು ಸುಮ್ಮನಿರುವಾಗ ಉಗುರು ಒಳಗೆ ಮಡಚಿಕೊಂಡಿರುತ್ತದೆ, ಬೆರಳು ಬಿಗಿದು ಒತ್ತಿದಾಗ ಅಡಿಯ ಸ್ನಾಯುರಜ್ಜು ಎಳೆದು ಅದು ಹೊರಗೆ ಬರುತ್ತದೆ. ಉಗುರು ಬೆಕ್ಕಿನ ಕಡೆಗೇ ಬಾಗಿದ ಕೊಕ್ಕೆ. ಉಣ್ಣೆಯ ಎಳೆಗೆ ಸಿಕ್ಕಿದಾಗ ಬೆಕ್ಕನ್ನು ಹಿಂದಕ್ಕೆಳೆದರೆ ಇನ್ನೂ ಬಿಗಿಯುತ್ತದೆ. ಪಾದ ಹಿಡಿದು ಸ್ವಲ್ಪ ಮುಂದಕ್ಕೆ ದೂಡಿದರೆ ಕಳಚಿಕೊಳ್ಳುತ್ತದೆ. ತುದಿಯನ್ನಷ್ಟೇ ಕತ್ತರಿಸಿದರೂ ಪರಚುವುದು ತಗ್ಗುತ್ತದೆ. ಒಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳವೂ ನರವೂ ಇವೆ, ಅಲ್ಲಿಗೆ ಕತ್ತರಿ ಹೋಗಬಾರದು.

ನಾದುವುದಕ್ಕೆ ತಡೆ ಬೇಕಿಲ್ಲ. ನಾದುತ್ತಾ ಕಂಬಳಿಯನ್ನು ಚೀಪಿ, ಅಗಿದು, ಎಳೆ ನುಂಗುವ ಬೆಕ್ಕಿನ ಮೇಲೆ ಮಾತ್ರ ಕಣ್ಣಿರಬೇಕು. ಉದ್ದದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಲಾಡಿ ಎಳೆದ ಪೈಜಾಮದ ಸೊಂಟದಂತೆ ಕರುಳು ನೆರಿಗೆಗಟ್ಟುತ್ತದೆ. ಮತ್ತೆ ಮತ್ತೆ ವಾಂತಿ, ಊಟ ಬೇಡ ಎನ್ನುವುದು ಇದರ ಗುರುತು. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬಾರದು, ಎಳೆದರೆ ಕರುಳೇ ಹರಿಯಬಹುದು. ಹಾಗೇ ಬಿಟ್ಟು ಪಶುವೈದ್ಯರ ಹತ್ತಿರ ಒಯ್ಯಬೇಕು. ಅಂಥ ಬೆಕ್ಕಿಗೆ ಉಣ್ಣೆಯ ಬದಲು ದಟ್ಟ ನೇಯ್ಗೆಯ ಹಳೇ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರಾಯಿತು. ಒಂದೆರಡು ದಿನ ಮೂಸಿ ನೋಡಿ, ಆಮೇಲೆ ಅದರ ಮೇಲೂ ನಾದಲು ಕೂರುತ್ತದೆ.